ರಾಮ, ರಾಮನ್, ರಾಮ್. ಗಂಗೆ, ಗಂಗ, ಗಂಗಾ: ಹೆಸರಿನ ಕೊನೆಯ ಅಕ್ಷರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕಡೆ ಕನ್ನಡ ಪಾಠ ಮಾಡಿದವರಿಗೆ ಈ ಪ್ರಶ್ನೆಗಳು ಹೊಸತಲ್ಲ. ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ, ಮದುವೆ ಮನೆಯಲ್ಲಿ ದೊಡ್ಡವರು ಕೇಳುತ್ತಾರೆ, ಜಾಗದ ಕಾಗದ ಹಿಡಿದುಕೊಂಡು ನೆರೆಹೊರೆಯವರು ಕೇಳುತ್ತಾರೆ. ನಮ್ಮಲ್ಲಿ ಒಂದೇ ಹೆಸರು ದಿನಕ್ಕೆ ನಾಲ್ಕು ಭಾಷೆಯಲ್ಲಿ ಓಡಾಡುತ್ತದೆ. ಹಾಗಾಗಿ ಬೇರೆ ಕಡೆಯವರಿಗೆ ಕಾಣದ ವ್ಯತ್ಯಾಸ ನಮಗೆ ಕಣ್ಣಿಗೆ ಬೀಳುತ್ತದೆ. ಜಾಸ್ತಿ ಸಲ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಅಜ್ಜನ ಹೆಸರು ಒಂದು ಕಾಗದದಲ್ಲಿ ರಾಮ, ಇನ್ನೊಂದರಲ್ಲಿ ರಾಮನ್. ಯಾವುದು ಸರಿ?

ಎರಡೂ ಸರಿ. ಇದು ನಮ್ಮ ಮನೆಯದೇ ಕಥೆ, ಅದನ್ನೇ ಹೇಳುತ್ತೇನೆ.

ಪಾಲುಪಟ್ಟಿಯ ಕೆಲಸಕ್ಕೆಂದು ಒಮ್ಮೆ ಹಳೆ ಕಾಗದಗಳನ್ನೆಲ್ಲ ಚಾವಡಿಯ ಮೇಜಿನ ಮೇಲೆ ಹರಡಿದ್ದೆವು. ಅಜ್ಜನ ಕಾಲದ ಕನ್ನಡ ದಸ್ತಾವೇಜಿನಲ್ಲಿ ಅಜ್ಜ "ರಾಮ", ಅಜ್ಜಿ "ಗಂಗೆ". ಆಮೇಲಿನ ಮಲಯಾಳ ರಶೀದಿಯಲ್ಲಿ ಅಜ್ಜ "ರಾಮನ್", ಅಜ್ಜಿ "ಗಂಗ". ಅತ್ತೆಯ ಶಾಲಾ ದಾಖಲೆಯಲ್ಲಿ ತಾಯಿಯ ಹೆಸರು "ಗಂಗಾ". ಅಣ್ಣ ಇವುಗಳನ್ನು ಒಂದು ಕಚೇರಿಗೆ ತೆಗೆದುಕೊಂಡು ಹೋದ. ರಾಮ ಬೇರೆ, ರಾಮನ್ ಬೇರೆ, ಇಬ್ಬರೂ ಒಬ್ಬರೇ ಎನ್ನುವುದಕ್ಕೆ ಪುರಾವೆ ತನ್ನಿ ಎಂದು ಕಾಗದ ವಾಪಸು ಕೊಟ್ಟರು. ಅಣ್ಣನಿಗೆ ಸಿಟ್ಟು ಬಂತು. ನನಗೆ ಬೇಜಾರಾಯಿತು. ಏಕೆಂದರೆ ಯಾರೂ ತಪ್ಪು ಬರೆದಿರಲಿಲ್ಲ. ಕನ್ನಡದಲ್ಲಿ ಬರೆದವರು ಕನ್ನಡದ ರೀತಿಯಲ್ಲಿ ಬರೆದಿದ್ದರು, ಮಲಯಾಳದಲ್ಲಿ ಬರೆದವರು ಮಲಯಾಳದ ರೀತಿಯಲ್ಲಿ ಬರೆದಿದ್ದರು.

ಆ ಮೂರು ಕಾಗದಗಳಲ್ಲಿ ಹೆಸರಿನ ಮೊದಲ ಭಾಗ ಎಲ್ಲೂ ಕದಲಿಲ್ಲ, ನೋಡಿ. ರಾಮ್, ಗಂಗ್ ಅಷ್ಟು ಹಾಗೇ ಉಳಿದಿದೆ. ಬದಲಾದದ್ದು ಬಾಲ ಮಾತ್ರ. ಸಂಸ್ಕೃತದಿಂದ ಹೆಸರು ತೆಗೆದುಕೊಳ್ಳುವಾಗ ಪ್ರತಿಯೊಂದು ಭಾಷೆಯೂ ಅದರ ಬಾಲ ಕತ್ತರಿಸಿ ತನ್ನ ಬಾಲ ಅಂಟಿಸುತ್ತದೆ. ಆ ಬಾಲ ಹೇಗಿರುತ್ತದೆ ಎನ್ನುವುದನ್ನು ಆ ಭಾಷೆಯ ಸ್ವಂತ ಮಾತುಗಳು ತೀರ್ಮಾನಿಸುತ್ತವೆ. ಈ ಪುಟದ ಎಲ್ಲ ಉತ್ತರಗಳೂ ಇದೊಂದೇ ಮಾತಿನಿಂದ ಹೊರಡುತ್ತವೆ.

ಸಂಸ್ಕೃತದಲ್ಲಿ ಆ ಹೆಸರು ರಾಮವೋ, ರಾಮಃವೋ?

ನಿಘಂಟಿನಲ್ಲಿ ಹುಡುಕಿದರೆ ಸಿಗುವುದು "ರಾಮ". ವಾಕ್ಯದಲ್ಲಿ ಕರ್ತೃವಾಗಿ ಬಂದರೆ "ರಾಮಃ". ಮೊದಲನೆಯದು ಪ್ರತ್ಯಯ ಹತ್ತದ ಬರೀ ಹೆಸರು. ವ್ಯಾಕರಣದವರು ಅದನ್ನು ಪ್ರಾತಿಪದಿಕ ಎನ್ನುತ್ತಾರೆ. ಎರಡನೆಯದಕ್ಕೆ ಪ್ರಥಮಾ ವಿಭಕ್ತಿ ಹತ್ತಿದೆ. ಆ ಎರಡು ಚುಕ್ಕಿ ಅಂದರೆ ವಿಸರ್ಗ, ಹೆಸರಿನ ಭಾಗವಲ್ಲ, ವಿಭಕ್ತಿಯ ಗುರುತು. ನಮ್ಮಲ್ಲಿ "ರಾಮನು" ಎನ್ನುವಾಗ ಬರುವ "ನು" ಮಾಡುವ ಕೆಲಸವನ್ನೇ ಅಲ್ಲಿ ಅದು ಮಾಡುತ್ತದೆ.

ಹಾಗಾಗಿ ಕನ್ನಡದವರು ವಿಸರ್ಗ ಬಿಟ್ಟದ್ದು ಉಚ್ಚಾರ ಬಾರದೆ ಅಲ್ಲ. ಎರಡು ಭಾಷೆಯ ವಿಭಕ್ತಿ ಒಂದೇ ಹೆಸರಿಗೆ ಹತ್ತುವುದಿಲ್ಲ. "ರಾಮಃನು" ಎಂದು ಯಾರಾದರೂ ಹೇಳುತ್ತಾರಾ? ಸಂಸ್ಕೃತದ ಪ್ರತ್ಯಯ ಕಳಚಿದ ಮೇಲೆ ನಮ್ಮ ಪ್ರತ್ಯಯಕ್ಕೆ ಜಾಗ ಸಿಗುತ್ತದೆ.

ಹಳೆಗನ್ನಡದಲ್ಲಿ ಈ ರೂಪ "ರಾಮಂ" ಎಂದಿತ್ತು. ಕೊನೆಯ ಸೊನ್ನೆ ಗಂಡು ಹೆಸರಿನ ಪ್ರಥಮಾ ವಿಭಕ್ತಿ. ಅದೇ ನಡುಗನ್ನಡ, ಹೊಸಗನ್ನಡಕ್ಕೆ ಬರುವಾಗ "ರಾಮನು" ಆಯಿತು. ಮಾತಿನಲ್ಲಿ "ನು" ಕೂಡ ಬಿದ್ದುಹೋಗಿ ಬರೀ "ರಾಮ" ಉಳಿಯಿತು. ಆದರೆ ಆ ನಕಾರ ಪೂರ್ತಿ ಹೋಗಿಲ್ಲ, ಒಳಗೆ ಅಡಗಿದೆ. ರಾಮನ, ರಾಮನಿಗೆ, ರಾಮನನ್ನು ಎನ್ನುವಾಗ ಹೊರಗೆ ಬರುತ್ತದೆ. ಮಲಯಾಳ, ತಮಿಳುಗಳಲ್ಲಿ ಅದು ಹೊರಗೇ ಉಳಿದಿದೆ: ರಾಮನ್. ಅಂದರೆ ಮಲಯಾಳ ರಶೀದಿಯಲ್ಲಿ ಕಂಡ "ನ್" ಹೊರಗಿನಿಂದ ಬಂದು ಸೇರಿದ್ದಲ್ಲ. ನಮ್ಮ ಹಳೆಗನ್ನಡದ ಸೊನ್ನೆಯೂ ಅದೂ ಒಂದೇ ಬಳ್ಳಿಯ ಕಾಯಿ.

ತೆಲುಗಿನವರು "ರಾಮುಡು" ಎನ್ನುತ್ತಾರೆ. ನಮ್ಮ ಪಕ್ಕದ ತುಳುವರು "ರಾಮೆ" ಎನ್ನುತ್ತಾರೆ. ಎಲ್ಲರೂ ತೆಗೆದುಕೊಂಡ ಹೆಸರು ಒಂದೇ, ಗಂಡು ಎಂದು ತೋರಿಸುವ ಬಾಲ ಮಾತ್ರ ಅವರವರದು.

ಹವ್ಯಕ ಭಾಷೆಯಲ್ಲಿ ಬರೆಯುವಾಗ ಹೆಸರಿನ ಮೇಲೆ ಸಣ್ಣ ಸೊನ್ನೆ ಹಾಕುತ್ತಾರಲ್ಲ, ಅದು ಏನು?

ಈ ಪ್ರಶ್ನೆ ಬಂದರೆ ನನಗೆ ಬಹಳ ಖುಷಿ. ಕುಂಬಳೆ ಸೀಮೆಯ ಹವ್ಯಕರು "ಅವ", "ಭಾವ", "ರಾಮ" ಎನ್ನುವಾಗ ಕೊನೆಯ ಅಕಾರ ಸ್ವಲ್ಪ ಮೂಗಿನಿಂದ ಬರುತ್ತದೆ. ಪೂರ್ತಿ "ಅಂ" ಅಲ್ಲ, ಪೂರ್ತಿ "ಅ" ಕೂಡ ಅಲ್ಲ. ಅದನ್ನು ತೋರಿಸಲು ಅವ°, ಭಾವ°, ರಾಮ° ಎಂದು ಸಣ್ಣ ಸೊನ್ನೆ ಹಾಕಿ ಬರೆಯುತ್ತಾರೆ. ಹಳೆಗನ್ನಡದ ಅವಂ, ರಾಮಂ ಎನ್ನುವುದರ ಸೊನ್ನೆ ತೆಳ್ಳಗಾಗಿ ಅಲ್ಲಿ ಉಳಿದಿದೆ. ಉಳಿದ ಕನ್ನಡ ಯಾವಾಗಲೋ ಬಿಟ್ಟ ದನಿಯನ್ನು ನಮ್ಮೂರಿನ ಅಡುಗೆಮನೆಯಲ್ಲಿ ಈಗಲೂ ಕೇಳಬಹುದು.

ಸೀತೆ, ಗಂಗೆ ಎನ್ನುವಾಗ ಈ ದನಿ ಬರುವುದಿಲ್ಲ ಎನ್ನುವುದನ್ನೂ ಗಮನಿಸಿ. ಅದು ಗಂಡು ಹೆಸರಿನ ಬಾಲ. ಹೆಣ್ಣು ಹೆಸರಿಗೆ ಬೇರೆಯೇ ಬಾಲ.

ಸೀತಾ ಹೇಗೆ ಸೀತೆ ಆದಳು?

ಇದನ್ನು ನಿಧಾನವಾಗಿ ನೋಡೋಣ.

ಸಂಸ್ಕೃತದಲ್ಲಿ ಸೀತಾ, ಗಂಗಾ, ರಾಧಾ, ಊರ್ಮಿಲಾ. ಕನ್ನಡದಲ್ಲಿ ಸೀತೆ, ಗಂಗೆ, ರಾಧೆ, ಊರ್ಮಿಳೆ. ಹೆಸರುಗಳಷ್ಟೇ ಅಲ್ಲ, ಶಾಲಾ ಶಾಲೆಯಾಯಿತು, ಭಾಷಾ ಭಾಷೆಯಾಯಿತು, ಮಾಲಾ ಮಾಲೆಯಾಯಿತು. 13ನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗಲೇ ಇದು ನೆಲೆಯಾಗಿತ್ತು. ಸಂಸ್ಕೃತದ ಮಾತುಗಳು ಕನ್ನಡಕ್ಕೆ ಬರುವಾಗ ಏನೇನು ಆಗುತ್ತವೆ ಎಂದು ಹೇಳುವುದಕ್ಕೆ ಅವನು ಅಪಭ್ರಂಶ ಪ್ರಕರಣ ಎಂಬ ಒಂದು ಭಾಗವನ್ನೇ ಇಟ್ಟಿದ್ದಾನೆ.

ಉದ್ದದ "ಆ" ಗಿಡ್ಡವಾಗುವುದು ಅರ್ಥವಾಗುತ್ತದೆ. ಕನ್ನಡದ ಮಾತು ಸಾಮಾನ್ಯವಾಗಿ ಉದ್ದ ಸ್ವರದಲ್ಲಿ ಮುಗಿಯುವುದಿಲ್ಲ. ಮನೆ, ಕಲ್ಲು, ನಾಯಿ, ಮರ, ಎಲ್ಲ ಗಿಡ್ಡ. ಆದರೆ ಗಿಡ್ಡವಾದರೆ "ಸೀತ" ಆಗಬೇಕಿತ್ತು ಅಲ್ವಾ? "ಎ" ಎಲ್ಲಿಂದ ಬಂತು?

ಅದಕ್ಕೆ ಸಂಸ್ಕೃತವನ್ನು ಒಂದು ಗಳಿಗೆ ಪಕ್ಕಕ್ಕಿಡಿ. ನಮ್ಮ ಸ್ವಂತ ಮಾತುಗಳನ್ನು ತೆಗೆದುಕೊಳ್ಳಿ. ಕನ್ನಡದಲ್ಲಿ ಮಲೆ, ತಲೆ, ಎಲೆ. ತಮಿಳಿನಲ್ಲಿ ಮಲೈ, ತಲೈ, ಇಲೈ. ಮಲಯಾಳದಲ್ಲಿ ಮಲ, ತಲ, ಇಲ. ತಮಿಳಿನಲ್ಲಿ "ಐ" ಇದ್ದಲ್ಲಿ ನಮಗೆ "ಎ", ಮಲಯಾಳಕ್ಕೆ "ಅ". ಈಗ ಸೀತೆಯನ್ನು ಇದರ ಪಕ್ಕ ಇಟ್ಟು ನೋಡಿ. ತಮಿಳಿನಲ್ಲಿ ಸೀತೈ, ಕನ್ನಡದಲ್ಲಿ ಸೀತೆ, ಮಲಯಾಳದಲ್ಲಿ ಸೀತ. ಗಂಗೈ, ಗಂಗೆ, ಗಂಗ. ಅಚ್ಚುಕಟ್ಟಾಗಿ ಅದೇ ಸಾಲು.

ಅಂದರೆ ಜನಕನ ಮಗಳು ನಮ್ಮ ಮಾತಿಗೆ ಬಂದಾಗ ಮಲೆ, ತಲೆ, ಎಲೆಗಳ ಪಂಕ್ತಿಯಲ್ಲಿ ಕೂತಳು. ಕಾಸರಗೋಡಿನವರಿಗೆ ಇದನ್ನು ಬಸ್ಸಿನ ಬೋರ್ಡಿನಲ್ಲೇ ತೋರಿಸಬಹುದು. ಕನ್ನಡದಲ್ಲಿ "ಕುಂಬಳೆ" ಎಂದು ಬರೆದ ಊರು ಮಲಯಾಳದಲ್ಲಿ "ಕುಂಬಳ". ಗಂಗೆ ಗಂಗ ಆದ ಹಾಗೆಯೇ ಕುಂಬಳೆ ಕುಂಬಳ ಆಗುತ್ತದೆ. ನಮ್ಮ ಅಜ್ಜಿಯ ಹೆಸರನ್ನು ರಶೀದಿಯಲ್ಲಿ "ಗಂಗ" ಎಂದು ಬರೆದವರು ಅಕ್ಷರ ತಪ್ಪಿಸಿರಲಿಲ್ಲ. ಅವರ ಭಾಷೆಯ ಈ ಕಟ್ಟಳೆಯನ್ನೇ ನಡೆಸಿದ್ದರು.

"ಎ" ಇದ್ದರೆ ವಿಭಕ್ತಿ ಹಚ್ಚುವುದೂ ಸುಲಭ. ಸೀತೆಯ, ಸೀತೆಗೆ, ಸೀತೆಯನ್ನು ಎಂದು ನೀರು ಹರಿದ ಹಾಗೆ ಹೋಗುತ್ತದೆ. "ಸೀತ" ಎಂದಿದ್ದರೆ ಸೀತನ ಎನ್ನಬೇಕೋ, ಸೀತದ ಎನ್ನಬೇಕೋ ಎಂದು ನಾಲಿಗೆ ತಡವರಿಸುತ್ತಿತ್ತು. ಕನ್ನಡದಲ್ಲಿ "ನ" ಬಂದರೆ ಗಂಡು, "ದ" ಬಂದರೆ ವಸ್ತು.

"ಸೀತೇ!" ಎಂದು ಕರೆಯುವ ಸಂಬೋಧನೆಯ ರೂಪವೇ ಸೀತೆ ಆಯಿತು ಎಂದು ಒಬ್ಬರು ಹೇಳಿದರು. ಹೌದಾ?

ಸಂಸ್ಕೃತದಲ್ಲಿ ಸೀತಾ ಎಂಬುದರ ಸಂಬೋಧನೆ "ಸೀತೇ" ಎನ್ನುವುದು ನಿಜ. ಕೇಳಲು ಚಂದದ ವಿವರಣೆಯೂ ಹೌದು. ಆದರೆ ನನಗೆ ಒಪ್ಪಿಗೆ ಇಲ್ಲ. ಸೀತೆಯನ್ನು ಕರೆಯಬಹುದು. ಶಾಲೆಯನ್ನು, ರೇಖೆಯನ್ನು, ಸಭೆಯನ್ನು, ಭಾಷೆಯನ್ನು ಯಾರು ಕೂಗಿ ಕರೆಯುತ್ತಾರೆ? ಅವುಗಳಿಗೂ ಅದೇ "ಎ" ಬಂದಿದೆ. ತಮಿಳಿನ "ಐ", ಮಲಯಾಳದ "ಅ" ಎರಡಕ್ಕೂ ಆ ವಿವರಣೆಯಲ್ಲಿ ಜಾಗ ಇಲ್ಲ.

ಹಾಗಾದರೆ ನನ್ನ ಮಗಳ ಹೆಸರು ಯಾಕೆ ಗೀತಾ? ಗೀತೆ ಎಂದು ಯಾಕೆ ಬರೆಯುವುದಿಲ್ಲ?

ಹಳೆ ತಲೆಮಾರಿನಲ್ಲಿ ಹಾಗೆ ಬರೆಯುತ್ತಿದ್ದರು. ನಮ್ಮಜ್ಜಿ ದಸ್ತಾವೇಜಿನಲ್ಲಿ "ಗಂಗೆ" ಆಗಿದ್ದದ್ದು ಹಾಗೆಯೇ. ಈಗ ಬದುಕಿರುವವರ ಹೆಸರಿಗೆ ಸಂಸ್ಕೃತದ "ಆ" ಇಟ್ಟುಕೊಳ್ಳುವುದು ರೂಢಿಯಾಗಿದೆ. ಪುರಾಣದವಳು ಸೀತೆ, ಪಕ್ಕದ ಮನೆಯವರು ಸೀತಾ. ಹಾಡು ಗೀತೆ, ಹುಡುಗಿ ಗೀತಾ. ಕಲಿತದ್ದು ವಿದ್ಯೆ, ಹುಡುಗಿ ವಿದ್ಯಾ. ಇದರಿಂದ ಒಂದು ಅನುಕೂಲವೂ ಆಗಿದೆ: ಗೀತೆ ಎಂದರೆ ವಸ್ತು, ಗೀತಾ ಎಂದರೆ ವ್ಯಕ್ತಿ ಎಂದು ಕೂಡಲೇ ಗೊತ್ತಾಗುತ್ತದೆ.

ತೊಂದರೆ ಬರುವುದು ಪ್ರತ್ಯಯ ಹಚ್ಚುವಾಗ. ಕನ್ನಡದ ನಾಮಪದ "ಆ"ದಲ್ಲಿ ಮುಗಿಯುವುದಿಲ್ಲವಾದ್ದರಿಂದ ಅದಕ್ಕೆ ಸಿದ್ಧ ದಾರಿ ಇಲ್ಲ. ಗೀತಾಳ, ಗೀತಾಳಿಗೆ ಎಂದು ಬರಹದಲ್ಲಿ ಒಂದು "ಳ" ಸೇರಿಸುತ್ತೇವೆ. ಅದು ಅವಳು, ಮಗಳು ಎನ್ನುವುದರ "ಳ". ಮಾತಿನಲ್ಲಿ ಸುಮ್ನೆ "ಗೀತಾಗೆ ಹೇಳು" ಎನ್ನುತ್ತೇವೆ. ಎರಡೂ ನಡೆಯುತ್ತದೆ. ಹಿರಿಯರ ಹೆಸರಾದರೆ "ಗೀತಾ ಅವರಿಗೆ" ಎನ್ನುವುದರಿಂದ ಈ ಕಷ್ಟವೇ ಇಲ್ಲ.

"ಗೀತ" ಎಂದು ಗಿಡ್ಡ ಅಕಾರದಲ್ಲಿ ಬರೆಯುವವರೂ ಇದ್ದಾರೆ. ಮಲಯಾಳದ ರೂಪ ಅದೇ ಆದ್ದರಿಂದ ನಮ್ಮ ಕಡೆ ಇದು ಸ್ವಲ್ಪ ಜಾಸ್ತಿ ಕಾಣುತ್ತದೆ. ಅದನ್ನು ತಪ್ಪು ಎಂದು ತಿದ್ದಲು ನಾನು ಹೋಗುವುದಿಲ್ಲ. ಹೆಸರು ಇಟ್ಟವರು ಬರೆದದ್ದೇ ಹೆಸರು. ಆದರೆ ಒಂದು ಕಡೆ ಗೀತ, ಇನ್ನೊಂದು ಕಡೆ ಗೀತಾ ಎಂದು ಮಾತ್ರ ಬರೆಸಬೇಡಿ.

ಕನ್ನಡದಲ್ಲಿ ಸೀತೆ ಎಂದರೆ, ಸೀತಾಪತಿ ಯಾಕೆ ಸೀತೆಪತಿ ಆಗಲಿಲ್ಲ?

ಸೀತಾಪತಿ ಎನ್ನುವ ಇಡೀ ಮಾತು ಸಂಸ್ಕೃತದಲ್ಲೇ ಜೋಡಿಯಾಗಿ, ಒಟ್ಟಿಗೆ ನಮ್ಮಲ್ಲಿಗೆ ಬಂತು. ಕನ್ನಡ ಕೈ ಹಾಕುವುದು ಮಾತಿನ ಕೊನೆಗೆ ಮಾತ್ರ, ನಡುವಿಗೆ ಅಲ್ಲ. ಗಂಗಾಧರ, ರಾಧಾಕೃಷ್ಣ, ಉಮಾಮಹೇಶ್ವರ ಎಲ್ಲ ಹೀಗೆಯೇ. ಮಲಯಾಳದಲ್ಲೂ ಅಷ್ಟೇ. ಅಲ್ಲಿ ರಾಮಚಂದ್ರನ್ ಎನ್ನುತ್ತಾರೆ, "ನ್" ಬರುವುದು ಕೊನೆಗೆ ಒಂದೇ ಸಲ.

ಇದಕ್ಕೆ ನನಗೆ ತುಂಬ ಇಷ್ಟದ ಉದಾಹರಣೆ ಭಗವದ್ಗೀತೆ. ಸಂಸ್ಕೃತದಲ್ಲಿ ಭಗವದ್ಗೀತಾ. ಒಳಗಿನ "ಭಗವತ್" ಸಂಧಿಯಾಗಿ "ಭಗವದ್" ಆಗಿ ಹಾಗೇ ಕೂತಿದೆ. ಕೊನೆಯ "ಗೀತಾ" ಮಾತ್ರ "ಗೀತೆ" ಆಗಿದೆ. ಅದೇ ಭಗವತ್ ಒಂಟಿಯಾಗಿ ಬಂದರೆ ನಾವು "ಭಗವಂತ" ಎನ್ನುತ್ತೇವೆ. ಒಂದೇ ಮಾತು, ನಡುವೆ ಕೂತರೆ ಒಂದು ರೂಪ, ಕೊನೆಗೆ ಬಂದರೆ ಇನ್ನೊಂದು.

ಲಕ್ಷ್ಮೀ ಬರೆಯಬೇಕಾ, ಲಕ್ಷ್ಮಿ ಬರೆಯಬೇಕಾ?

ಒಂಟಿಯಾಗಿದ್ದರೆ ಲಕ್ಷ್ಮಿ, ಪಾರ್ವತಿ, ಸರಸ್ವತಿ, ದೇವಕಿ. ಸಂಸ್ಕೃತದ ದೀರ್ಘ "ಈ" ಕನ್ನಡದಲ್ಲಿ ಗಿಡ್ಡವಾಗುತ್ತದೆ, ಬೇರೆ ಬದಲಾವಣೆ ಇಲ್ಲ. ಸಮಾಸದ ನಡುವೆ ಬಂದರೆ ದೀರ್ಘ ಉಳಿಯುತ್ತದೆ: ಲಕ್ಷ್ಮೀನಾರಾಯಣ, ಲಕ್ಷ್ಮೀಪತಿ. ಶ್ರೀ, ಸ್ತ್ರೀ ಹಾಗೆ ಒಂದೇ ಅಕ್ಷರದ ಮಾತುಗಳು ಕೊನೆಗೂ ದೀರ್ಘವೇ. ಈ ಮೂರು ಸಾಲು ನೆನಪಿದ್ದರೆ ಸಾಕು.

ನಮ್ಮಲ್ಲಿ ಹನುಮಂತ, ಹಿಂದಿಯವರಿಗೂ ಮಲಯಾಳದವರಿಗೂ ಹನುಮಾನ್. ಇಷ್ಟು ವ್ಯತ್ಯಾಸ ಯಾಕೆ?

ಇಲ್ಲಿ ಸಂಸ್ಕೃತದ ಒಳಗೇ ಮೂರು ರೂಪ ಇದೆ. ಬರೀ ಹೆಸರು "ಹನುಮತ್". ಕರ್ತೃವಾಗಿ ಒಬ್ಬನೇ ಬಂದರೆ "ಹನುಮಾನ್". ಬಹುವಚನಕ್ಕೆ ಹೋದರೆ "ಹನುಮಂತಃ". ಹಿಂದಿ, ಮಲಯಾಳಗಳು ನಡುವಿನದನ್ನು ಆರಿಸಿಕೊಂಡವು. ಕನ್ನಡ ಮೂರನೆಯದನ್ನು ಹಿಡಿದು ವಿಸರ್ಗ ಬಿಟ್ಟಿತು.

ಇಷ್ಟು ಸುತ್ತು ಬಳಸಿದ್ದು ಯಾಕೆ? ಈ ಮೂರು ರೂಪಗಳಲ್ಲಿ ಕನ್ನಡಕ್ಕೆ ಒಗ್ಗುವುದು ಅದೊಂದೇ. "ಹನುಮತ್" ಎಂದರೆ ಕೊನೆಗೆ ತ್ ನಿಲ್ಲುತ್ತದೆ, ಅದಕ್ಕೆ ವಿಭಕ್ತಿ ಹಚ್ಚುವುದು ಕಷ್ಟ. "ಹನುಮಂತ" ಎಂದರೆ ರಾಮನ ಹಾಗೆಯೇ ಅಕಾರದಲ್ಲಿ ಮುಗಿಯುತ್ತದೆ. ಹನುಮಂತನ, ಹನುಮಂತನಿಗೆ ಎಂದು ಸಲೀಸಾಗಿ ಹೋಗುತ್ತದೆ. ಭಗವಂತ, ಶ್ರೀಮಂತ, ವಿದ್ವಾಂಸ ಕೂಡ ಇದೇ ದಾರಿಯಲ್ಲಿ ಬಂದವರು. ಶಾಲೆಯ ವ್ಯಾಕರಣದಲ್ಲೂ ಈ ಮಾತುಗಳನ್ನು ಹೀಗೆಯೇ ವಿವರಿಸುತ್ತಾರೆ.

ಎಲ್ಲ ವ್ಯಂಜನಗಳಿಗೂ ಇದೇ ಉಪಾಯ ಮಾಡಲಿಲ್ಲ. ಬ್ರಹ್ಮನ್, ರಾಜನ್ ಎನ್ನುವಲ್ಲಿ ಕೊನೆಯ ನಕಾರ ಬಿಟ್ಟು ಬ್ರಹ್ಮ, ರಾಜ ಎಂದೆವು. ಮನಸ್, ತೇಜಸ್ ಎನ್ನುವಲ್ಲಿ "ಉ" ಸೇರಿಸಿ ಮನಸ್ಸು, ತೇಜಸ್ಸು ಎಂದೆವು. ದಾರಿ ಮೂರು, ಸೇರುವ ಜಾಗ ಒಂದೇ: ಮಾತು ಸ್ವರದಲ್ಲಿ ಮುಗಿಯಬೇಕು.

ರಾಮ್, ಅಶೋಕ್, ಪ್ರಕಾಶ್ ಎನ್ನುವಾಗ ಕೊನೆಯ ಅಕಾರ ಎಲ್ಲಿ ಹೋಯಿತು?

ಹಿಂದಿಯಲ್ಲಿ ಬಿದ್ದುಹೋಯಿತು. ವಿಶೇಷ ಏನೆಂದರೆ, ಹಿಂದಿಯಲ್ಲಿ ಬರೆಯುವಾಗ ಅದು ಬಿದ್ದಿಲ್ಲ. ನಾಗರಿ ಲಿಪಿಯಲ್ಲಿ ಸಂಸ್ಕೃತದ "ರಾಮ" ಹೇಗೆ ಬರೆಯುತ್ತಾರೋ ಹಿಂದಿಯದನ್ನೂ ಹಾಗೆಯೇ ಬರೆಯುತ್ತಾರೆ. ಕೊನೆಗೆ ಹಲಂತದ ಗುರುತು ಹಾಕುವುದಿಲ್ಲ. ಓದುವಾಗ ಮಾತ್ರ ಕೊನೆಯ ಅಕಾರ ನುಂಗಿ "ರಾಮ್" ಎನ್ನುತ್ತಾರೆ. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ. ಹಾಗಾಗಿ ಹಿಂದಿಯ ಉಚ್ಚಾರವನ್ನು ಕಿವಿಯಲ್ಲಿ ಕೇಳಿ ಬರೆಯುವಾಗ ನಾವು "ಮ್" ಎಂದು ವ್ಯಂಜನ ಮಾಡಬೇಕಾಯಿತು. ರಾಮಾಯಣ, ಮಹಾಭಾರತ ಟಿವಿಯಲ್ಲಿ "ರಾಮಾಯಣ್", "ಮಹಾಭಾರತ್" ಎಂದು ಕೇಳಿಸಿದ್ದೂ ಇದರಿಂದಲೇ.

ಪ್ರಕಾಶ್ ಎಂದು ಹೆಸರಿಟ್ಟರೂ ಪ್ರತ್ಯಯ ಬಂದ ಕೂಡಲೇ ಅಕಾರ ಮರಳಿ ಬರುತ್ತದೆ. "ಪ್ರಕಾಶ್ ಬಂದ" ಎಂದವರೇ "ಪ್ರಕಾಶನಿಗೆ ಚಾ ಕೊಡು" ಎನ್ನುತ್ತಾರೆ. ನೀವೇ ಒಂದು ದಿನ ಕಿವಿ ಕೊಟ್ಟು ಕೇಳಿ. ಕರಾವಳಿಯಲ್ಲಿ ಭಟ್ಟ "ಭಟ್" ಆದದ್ದೂ ಇಂಥದ್ದೇ, "ಭಟ್ಟರು" ಎಂದು ಗೌರವ ಹಚ್ಚಿದರೆ ಅಕಾರ ಮತ್ತೆ ಹಾಜರು.

ಕಂಪ್ಯೂಟರಿನಲ್ಲಿ ಬೇಡದೆ ಇದ್ದರೂ ಕೊನೆಯ ಅಕಾರ ಹೋಗುವುದುಂಟು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಬರಹದಂಥ ತಂತ್ರಾಂಶದಲ್ಲಿ ಕೊನೆಯ a ಒತ್ತದಿದ್ದರೆ ಹೀಗಾಗುತ್ತದೆ:

```
raam    ರಾಮ್
raama   ರಾಮ
```

ಆಮಂತ್ರಣ ಪತ್ರಿಕೆಗಳಲ್ಲಿ "ಗಣೇಶ್", "ಮಹೇಶ್" ಎಂದು ಅಚ್ಚಾದದ್ದರಲ್ಲಿ ಎಷ್ಟೋ ಹೀಗೆ ಬಂದವು. ಮನೆಯವರು ಹೇಳಿದ್ದು ಗಣೇಶ, ಬೆರಳು ಒತ್ತಿದ್ದು ಗಣೇಶ್. ಅಚ್ಚಿಗೆ ಕೊಡುವ ಮೊದಲು ಹೆಸರಿನ ಕೊನೆಯಲ್ಲಿ ಕೊಂಬಿನಂಥ ಆ ಗೆರೆ ಬಂದಿದೆಯಾ ಎಂದು ಒಮ್ಮೆ ನೋಡಿ.

ಊರಿನ ಹೆಸರಿಗೂ ಇದೇ ನಿಯಮವಾ? ಕಾಸರಗೋಡು, ಕಾಸರಗೋಡ್, ಮಂಜೇಶ್ವರ, ಮಂಜೇಶ್ವರಂ?

ಹೌದು. ಆದರೆ ಇವೆರಡೂ ಬೇರೆ ಬೇರೆ ಸಂಗತಿ.

ಮಂಜೇಶ್ವರದ ಕೊನೆಗೆ ಬರುವ "ಅಂ" ಮಲಯಾಳದಲ್ಲಿ ವಸ್ತು, ಊರುಗಳ ಹೆಸರಿಗೆ ಹತ್ತುವ ಬಾಲ. ಮರ ಅಲ್ಲಿ "ಮರಂ". ನಮ್ಮ ಹಳೆಗನ್ನಡದಲ್ಲೂ "ಮರಂ" ಎಂದೇ ಇತ್ತು, ಹೊಸಗನ್ನಡ ಸೊನ್ನೆ ಬಿಟ್ಟಿತು. ಹಾಗಾಗಿ ಮಂಜೇಶ್ವರಂ ಎಂದು ಬೋರ್ಡಿನಲ್ಲಿ ಕಂಡರೆ ಊರಿನ ಹೆಸರು ಬದಲಾಯಿತು ಎಂದಲ್ಲ. ಆದರೆ ಕನ್ನಡದಲ್ಲಿ ಬರೆಯುವಾಗ ಮಂಜೇಶ್ವರ ಎಂದೇ ಬರೆಯಬೇಕು. ಗೋವಿಂದ ಪೈಗಳನ್ನು ನಾವು ಮಂಜೇಶ್ವರ ಗೋವಿಂದ ಪೈ ಎಂದು ಕರೆಯುತ್ತ ಬಂದಿದ್ದೇವೆ. ಕನ್ನಡದ ಬೋರ್ಡಿನಲ್ಲಿ "ಮಂಜೇಶ್ವರಂ" ಎಂದು ಲಿಪಿ ಮಾತ್ರ ಬದಲಿಸಿ ಬರೆದದ್ದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಾಸರಗೋಡಿನ ಸಂಗತಿ ಇನ್ನೂ ನಾಜೂಕು. ಮಲಯಾಳದಲ್ಲಿ ಮಾತಿನ ಕೊನೆಗೆ ಬರುವ ಚಂದ್ರಕಲೆ ಎಂಬ ಗುರುತು ಕನ್ನಡದ ಹಲಂತದ ಹಾಗೆ ಕಾಣುತ್ತದೆ. ಆದರೆ ಅಲ್ಲಿ ಒಂದು ಅರ್ಧ "ಉ" ಕೇಳಿಸುತ್ತದೆ. ತುಟಿ ದುಂಡಗೆ ಮಾಡದೆ ಹೇಳುವ "ಉ". ತುಳುವಿನಲ್ಲೂ ಅದೇ ದನಿ ಇದೆ. ಅಂದರೆ ಮಲಯಾಳದವರು ಕೊನೆಯ ಸ್ವರವನ್ನು ಪೂರ್ತಿ ಬಿಟ್ಟಿಲ್ಲ, ಅರ್ಧ ಮಾಡಿದ್ದಾರೆ. ಪೂರ್ತಿ ಬಿಟ್ಟದ್ದು ಇಂಗ್ಲಿಷ್ ಬರಹ. ಆ ಇಂಗ್ಲಿಷನ್ನು ನೋಡಿ ಮತ್ತೆ ಕನ್ನಡಕ್ಕೆ ತಂದಾಗ "ಕಾಸರಗೋಡ್" ಎಂಬ, ಯಾರ ಬಾಯಲ್ಲೂ ಇಲ್ಲದ ರೂಪ ಹುಟ್ಟುತ್ತದೆ. ಮಧೂರು, ಅಡೂರುಗಳ ಕೊನೆಯ "ಉ" ಕಳೆದುಹೋಗುವುದೂ ಹೆಚ್ಚಾಗಿ ಹೀಗೆಯೇ.

ಇಂಗ್ಲಿಷಿನಲ್ಲಿ ಕೊನೆಗೆ a ಇದ್ದರೆ ಅ ಓದಬೇಕಾ, ಆ ಓದಬೇಕಾ?

ಬರಹ ನೋಡಿ ಹೇಳಲು ಆಗುವುದಿಲ್ಲ. ಅ, ಆ ಎರಡಕ್ಕೂ ಅಲ್ಲಿ ಒಂದೇ ಅಕ್ಷರ. ಇದರಿಂದ ಏನಾಗುತ್ತದೆ ಎಂದು ಒಂದು ಹೆಸರಿನಲ್ಲಿ ನೋಡಿ. ಕೃಷ್ಣ ಎಂದರೆ ದೇವಕಿಯ ಮಗ. ಕೃಷ್ಣಾ ಎಂದರೆ ನದಿ, ದ್ರೌಪದಿಗೂ ಅದೇ ಹೆಸರು. ಕನ್ನಡದಲ್ಲಿ ಅವಳು ಕೃಷ್ಣೆ. ತಾಳಮದ್ದಳೆಯಲ್ಲಿ ಅರ್ಥಧಾರಿ "ಕೃಷ್ಣ" ಎಂದನಾ, "ಕೃಷ್ಣೆ" ಎಂದನಾ ಎನ್ನುವುದರ ಮೇಲೆ ಇಡೀ ಮಾತಿನ ಅರ್ಥ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ದೇವರು, ನದಿ, ದ್ರೌಪದಿ ಮೂರೂ Krishna.

ಇನ್ನೊಂದು ಕಡೆಯ ತಪ್ಪೂ ಉಂಟು. ಕೊನೆಯ a ಕಂಡು ಎಳೆದು "ರಾಮಾ", "ಯೋಗಾ" ಎನ್ನುತ್ತಾರೆ. ಸಂಸ್ಕೃತದಲ್ಲಿ ರಾಮಾ ಎಂದರೆ ಹೆಂಗಸು. ಹಾಗಾಗಿ ಇದು ಸುಮ್ನೆ ಎಳೆತದ ವಿಷಯ ಅಲ್ಲ.

ಸೀತೆ ತತ್ಸಮವಾ, ತದ್ಭವವಾ?

ಪರೀಕ್ಷೆಗೆ ಓದುವ ಮಕ್ಕಳು ಕೇಳುವ ಪ್ರಶ್ನೆ. ರಾಮ, ವಿಷ್ಣು, ಗುರು ತತ್ಸಮ. ಸೀತೆ, ಶಾಲೆ, ಲಕ್ಷ್ಮಿ ಸ್ವಲ್ಪ ಬದಲಾದ ತದ್ಭವ. ಶ್ರೀಯಿಂದ ಬಂದ ಸಿರಿ ತುಂಬ ಬದಲಾದ ತದ್ಭವ.

ಕಾಗದಪತ್ರಗಳಲ್ಲಿ ರಾಮ, ರಾಮನ್ ಎರಡೂ ಇದ್ದರೆ ಏನು ಮಾಡಬೇಕು?

ನಾವು ಮಾಡಿದ್ದನ್ನು ಹೇಳುತ್ತೇನೆ. ಕೇರಳದ ಕಂದಾಯ ಇಲಾಖೆ "ವನ್ ಆಂಡ್ ಸೇಮ್ ಸರ್ಟಿಫಿಕೇಟ್" ಎಂಬ ಪ್ರಮಾಣಪತ್ರ ಕೊಡುತ್ತದೆ. ಎರಡು ಹೆಸರೂ ಒಬ್ಬರದೇ ಎಂದು ಹೇಳುವ ಕಾಗದ ಅದು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಎರಡೂ ರೂಪ ಇರುವ ದಾಖಲೆಗಳನ್ನು ಜೊತೆಗೆ ಇಡಬೇಕು.

ಅರ್ಜಿಯಲ್ಲಿ ಅಣ್ಣ ಮೊದಲು "ತಪ್ಪಾಗಿ ರಾಮನ್ ಎಂದು ನಮೂದಾಗಿದೆ" ಎಂದು ಬರೆದಿದ್ದ. ನಾನು ಆ "ತಪ್ಪಾಗಿ" ಹೊಡೆದುಹಾಕಿಸಿದೆ. "ಕನ್ನಡ ದಾಖಲೆಯಲ್ಲಿ ರಾಮ ಎಂದೂ ಮಲಯಾಳ ದಾಖಲೆಯಲ್ಲಿ ರಾಮನ್ ಎಂದೂ ಇದೆ, ಎರಡೂ ಒಬ್ಬರದೇ ಹೆಸರು" ಎಂದು ಬರೆಸಿದೆ. ಅಜ್ಜಿಯದಕ್ಕೂ ಹಾಗೆಯೇ: ಗಂಗೆ, ಗಂಗ, ಗಂಗಾ ಮೂರನ್ನೂ ಒಂದೇ ಅರ್ಜಿಯಲ್ಲಿ ಕಾಣಿಸಿದೆವು. ಒಂದು ರೂಪ ಬಿಟ್ಟುಹೋಗಿದ್ದರೆ ಅದಕ್ಕಾಗಿ ಮತ್ತೆ ಹೋಗಬೇಕಾಗುತ್ತಿತ್ತು. ಹಾಗಾಗಿ ಅರ್ಜಿ ಹಾಕುವ ಮೊದಲು ಮನೆಯಲ್ಲಿರುವ ಎಲ್ಲ ಕಾಗದ ತೆಗೆದು, ಹೆಸರಿನ ಕೊನೆಯ ಅಕ್ಷರ ಒಂದೊಂದರಲ್ಲಿ ಹೇಗಿದೆ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ.

ಹೊಸದಾಗಿ ಮಗುವಿಗೆ ಹೆಸರಿಡುವವರು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಹೇಗೆ ಬರೆಯಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡೇ ಜನನ ನೋಂದಣಿಗೆ ಹೋಗಿ. ಹುಡುಗ ಕೃಷ್ಣ ಆದರೆ ಮಲಯಾಳದಲ್ಲೂ ಕೊನೆಗೆ ನಕಾರ ಇಲ್ಲದೆ "ಕೃಷ್ಣ" ಎಂದು ಬರೆಯಲು ಹೇಳಿ. ಹೇಳದಿದ್ದರೆ ಬರೆಯುವವರ ಕೈ ತಾನಾಗಿ "ಕೃಷ್ಣನ್" ಬರೆಯುತ್ತದೆ, ನಮ್ಮ ಕೈ ಗಂಗಾ ಎಂದು ಕೇಳಿ ಗಂಗೆ ಎಂದು ಬರೆದ ಹಾಗೆ.